ರಾಜ್ಯ ಮಟ್ಟದ ಪಂದ್ಯಾವಳಿಗೆ ರಜೆ ಅರ್ಜಿ: ಪ್ರಾಂಶುಪಾಲರಿಗೆ ಹೇಗೆ ಬರೆಯಬೇಕು?

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ ಸೈನ್ಸ್ ಹುಡುಗಿ. ರಾಜ್ಯ ಮಟ್ಟದ ಖೋ-ಖೋಗೆ ನಮ್ಮ ಜಿಲ್ಲಾ ತಂಡದ ತರಬೇತಿ ಶಿಬಿರಕ್ಕೆ ಆಯ್ಕೆ ಆಗಿದ್ದೀನಿ. ನವೆಂಬರ್ 10ರ ಸೋಮವಾರದಿಂದ 17ರವರೆಗೆ ಶಿಬಿರ, 19ರಿಂದ 21ರವರೆಗೆ ಪಂದ್ಯ. ಹಾಜರಾತಿ ಕಡಿಮೆ ಆಗುತ್ತೆ ಅಂತ ಭಯ. ಪ್ರಾಂಶುಪಾಲರಿಗೆ ರಜೆ ಅರ್ಜಿ ಹೇಗೆ ಬರೆಯಲಿ?

ಉತ್ತರ:

ಅರ್ಜಿಯಲ್ಲಿ ಬರೀ ರಜೆ ಕೇಳಬೇಡಿ. ಅನುಮತಿ ಕೇಳಿ, ಜೊತೆಗೆ ಆನ್ ಡ್ಯೂಟಿ ಹಾಜರಾತಿ ಕೇಳಿ, ಅಂದರೆ ಆ ದಿನಗಳನ್ನು ತರಗತಿಗೆ ಬಂದಂತೆಯೇ ಲೆಕ್ಕ ಹಿಡಿಯಲು ಕೇಳಿ.

ನಾನೂ ಪಿಯುಸಿಯಲ್ಲಿ ಜಿಲ್ಲೆಗೆ ಖೋ-ಖೋ ಆಡಿದವಳು. ನನ್ನ ಅರ್ಜಿಯಲ್ಲಿ 'ಹತ್ತು ದಿನ ರಜೆ ನೀಡಬೇಕಾಗಿ ವಿನಂತಿ' ಅಂತ ಬರೆದಿದ್ದೆ. ಪ್ರಾಂಶುಪಾಲರು ಖುಷಿಯಿಂದಲೇ ಸಹಿ ಹಾಕಿದರು. ಫೆಬ್ರವರಿಯಲ್ಲಿ ಹಾಜರಾತಿ ಕೊರತೆಯ ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು, ಅದರಲ್ಲಿ ನನ್ನ ಹೆಸರಿತ್ತು. ಕೆಮಿಸ್ಟ್ರಿ ರಿಜಿಸ್ಟರ್ ತೆಗೆಸಿ ನೋಡಿದರೆ ಆ ಹತ್ತು ದಿನಗಳ ಮನೆಗಳಲ್ಲೂ ಸಾಲಾಗಿ ಕೆಂಪು ಇಂಕಿನ 'ಎ'. ಅರ್ಜಿಯಲ್ಲಿ ರಜೆ ಅಂತ ಇತ್ತು, ರಜೆ ಕೊಟ್ಟಿದ್ದರು. ರಜೆ ಅಂದರೆ ರಿಜಿಸ್ಟರ್‌ನಲ್ಲಿ ಗೈರುಹಾಜರಿಯೇ ಅಲ್ವಾ. ಅಪ್ಪ ಕೆಲಸ ಬಿಟ್ಟು ಮೂರು ಸಲ ಕಾಲೇಜಿಗೆ ಬಂದ ಮೇಲೆ ಅದು ಸರಿಯಾಯಿತು.

ನಿಮ್ಮ ಲೆಕ್ಕವನ್ನೇ ಮಾಡಿ ನೋಡೋಣ. 18ಕ್ಕೆ ಪ್ರಯಾಣ, 22ಕ್ಕೆ ವಾಪಸ್. 10ರಿಂದ 22ರವರೆಗೆ ಒಂದು ಭಾನುವಾರ ಕಳೆದರೆ 12 ತರಗತಿ ದಿನಗಳು ಹೋಗುತ್ತವೆ. ಇಲ್ಲಿಯವರೆಗೆ 90 ದಿನ ತರಗತಿ ನಡೆದು, ನೀವು 74 ದಿನ ಬಂದಿದ್ದೀರಿ ಅಂದುಕೊಳ್ಳಿ. ಈಗ 82 ಪರ್ಸೆಂಟ್ ಇದೆ. ಈ 12 ದಿನವನ್ನು ಗೈರು ಅಂತ ಹಿಡಿದರೆ 102ಕ್ಕೆ 74, ಅಂದರೆ 72.5ಕ್ಕೆ ಇಳಿಯುತ್ತೆ. ಪರೀಕ್ಷೆಗೆ ಕೂರಲು ಬೇಕಾದ 75ಕ್ಕಿಂತ ಕಡಿಮೆ. ಅದೇ 12 ದಿನ ಆನ್ ಡ್ಯೂಟಿ ಆದರೆ 102ಕ್ಕೆ 86, ಅಂದರೆ 84 ಪರ್ಸೆಂಟ್. ನಿಮ್ಮ ನಿಜವಾದ ಅಂಕಿಗಳನ್ನು ಕ್ಲಾಸ್ ಟೀಚರ್ ಹತ್ತಿರ ಕೇಳಿ, ಇದೇ ರೀತಿ ಒಮ್ಮೆ ಲೆಕ್ಕ ಹಾಕಿಕೊಳ್ಳಿ.

ಇನ್ನು ಅರ್ಜಿ. ನಾನಾದರೆ ಹೀಗೆ ಬರೆಯುತ್ತೇನೆ:

> ಇವರಿಂದ: (ಹೆಸರು, ದ್ವಿತೀಯ ಪಿಯುಸಿ ವಿಜ್ಞಾನ, ವಿಭಾಗ, ರೋಲ್ ನಂಬರ್)
>
> ಇವರಿಗೆ: ಪ್ರಾಂಶುಪಾಲರು, (ಕಾಲೇಜಿನ ಹೆಸರು, ಊರು)
>
> ಮೂಲಕ: ದೈಹಿಕ ಶಿಕ್ಷಣ ಉಪನ್ಯಾಸಕರು
>
> ಮಾನ್ಯರೇ,
>
> ವಿಷಯ: ರಾಜ್ಯ ಮಟ್ಟದ ಖೋ-ಖೋ ಪಂದ್ಯಾವಳಿ ಮತ್ತು ತರಬೇತಿ ಶಿಬಿರದಲ್ಲಿ ಭಾಗವಹಿಸಲು ಅನುಮತಿ ಹಾಗೂ ಆನ್ ಡ್ಯೂಟಿ ಹಾಜರಾತಿ ಕೋರಿ.
>
> ಉಲ್ಲೇಖ: ಆಯ್ಕೆ ಪತ್ರದ ಸಂಖ್ಯೆ ಮತ್ತು ದಿನಾಂಕ.
>
> ನಾನು ಜಿಲ್ಲಾ ಬಾಲಕಿಯರ ಖೋ-ಖೋ ತಂಡದ ತರಬೇತಿ ಶಿಬಿರಕ್ಕೆ ಆಯ್ಕೆಯಾಗಿರುತ್ತೇನೆ. ಶಿಬಿರವು ನವೆಂಬರ್ 10ರಿಂದ 17ರವರೆಗೆ (ಸ್ಥಳ), ಪಂದ್ಯಾವಳಿಯು 19ರಿಂದ 21ರವರೆಗೆ (ಸ್ಥಳ) ನಡೆಯಲಿದೆ. 18 ಮತ್ತು 22 ಪ್ರಯಾಣದ ದಿನಗಳಾಗಿವೆ. ಅಂತಿಮ ತಂಡಕ್ಕೆ ಆಯ್ಕೆಯಾಗದಿದ್ದಲ್ಲಿ 18ರಂದೇ ತರಗತಿಗೆ ಹಾಜರಾಗುತ್ತೇನೆ. ಆಯ್ಕೆಯಾದಲ್ಲಿ 24ರ ಸೋಮವಾರ ಹಾಜರಾಗುತ್ತೇನೆ.
>
> ಈ ಅವಧಿಯಲ್ಲಿ ತಪ್ಪುವ ಪ್ರಾಯೋಗಿಕ ತರಗತಿಗಳನ್ನು ಸಂಬಂಧಪಟ್ಟ ಉಪನ್ಯಾಸಕರ ಸೂಚನೆಯಂತೆ ಮಾಡಿ ಮುಗಿಸುತ್ತೇನೆ. ಆದ್ದರಿಂದ ಭಾಗವಹಿಸಲು ಅನುಮತಿ ನೀಡಿ, ಈ ದಿನಗಳನ್ನು ಆನ್ ಡ್ಯೂಟಿ ಎಂದು ಪರಿಗಣಿಸಬೇಕೆಂದು ಕೋರುತ್ತೇನೆ. ಹಿಂದಿರುಗಿದ ನಂತರ ಭಾಗವಹಿಸಿದ ಪ್ರಮಾಣಪತ್ರ ಸಲ್ಲಿಸುತ್ತೇನೆ.
>
> ವಂದನೆಗಳೊಂದಿಗೆ,
> ತಮ್ಮ ವಿಧೇಯ ವಿದ್ಯಾರ್ಥಿನಿ
>
> (ಸಹಿ, ದಿನಾಂಕ, ಪೋಷಕರ ಸಹಿ)
>
> ಲಗತ್ತು: ಆಯ್ಕೆ ಪತ್ರದ ಪ್ರತಿ

ಇದರಲ್ಲಿ ಎರಡು ಸಾಲುಗಳ ಬಗ್ಗೆ ಸ್ವಲ್ಪ ಹೇಳಲೇಬೇಕು.

'ಮೂಲಕ' ಅನ್ನುವ ಸಾಲು ಇದ್ದರೆ ಅರ್ಜಿ ಮೊದಲು ನಿಮ್ಮ ಪಿ.ಇ. ಸರ್ ಅಥವಾ ಮೇಡಂ ಕೈಗೆ ಹೋಗಬೇಕು. ಅವರು ಕೆಳಗೆ 'ಶಿಫಾರಸು ಮಾಡಲಾಗಿದೆ' ಅಂತ ಬರೆದು ಸಹಿ ಹಾಕಿದ ಮೇಲೆ ಪ್ರಾಂಶುಪಾಲರ ಟೇಬಲ್ಲಿಗೆ. ನೇರವಾಗಿ ಚೇಂಬರಿಗೆ ಹೋದರೆ ಪ್ರಾಂಶುಪಾಲರು ಹೇಗೂ 'ಪಿ.ಇ. ಸರ್‌ನ ಕೇಳಿದ್ಯಾ' ಅಂತ ವಾಪಸ್ ಕಳಿಸುತ್ತಾರೆ. ಅರ್ಧ ದಿನ ಸುಮ್ನೆ ಹೋಗುತ್ತೆ.

ಇನ್ನೊಂದು, ಅಂತಿಮ ತಂಡದ ಸಾಲು. ಶಿಬಿರಕ್ಕೆ ತಂಡಕ್ಕಿಂತ ಜಾಸ್ತಿ ಹುಡುಗಿಯರನ್ನು ಕರೆದು ಕೊನೆಗೆ ಕೆಲವರನ್ನು ಬಿಡುವುದುಂಟು. ಹಾಗೆ ಬಿಟ್ಟಾಗ ಬೇಜಾರಲ್ಲಿ ಪಂದ್ಯ ಮುಗಿಯೋವರೆಗೂ ಮನೆಯಲ್ಲೇ ಉಳಿದುಬಿಡುವವರನ್ನು ನೋಡಿದ್ದೇನೆ. ಆ ದಿನಗಳಿಗೆ ಯಾವ ಪ್ರಮಾಣಪತ್ರವೂ ಸಿಗುವುದಿಲ್ಲ, ಆಗ ಇಡೀ ಅರ್ಜಿಯ ಮೇಲೆಯೇ ಅನುಮಾನ ಬರುತ್ತದೆ. ಮೊದಲೇ ಬರೆದುಕೊಟ್ಟಿದ್ದರೆ ಪ್ರಾಂಶುಪಾಲರಿಗೂ ನಂಬಿಕೆ, ನಿಮಗೂ ಗೊಂದಲ ಇಲ್ಲ.

ಆಯ್ಕೆ ಪತ್ರ ಇನ್ನೂ ಕೈಗೆ ಬಂದಿಲ್ಲ ಅಂದರೆ ಕಾಯುತ್ತಾ ಕೂರಬೇಡಿ. ಶಿಬಿರದ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಪಟ್ಟಿ ಬರುವುದು ನಮ್ಮ ಕಡೆ ಹೊಸದೇನಲ್ಲ. ಉಲ್ಲೇಖದ ಜಾಗದಲ್ಲಿ ಆಯ್ಕೆ ಪಂದ್ಯ ನಡೆದ ದಿನಾಂಕ, ಸ್ಥಳ ಬರೆಯಿರಿ. 'ಆಯ್ಕೆ ಪತ್ರ ಬಂದ ಕೂಡಲೇ ಸಲ್ಲಿಸುತ್ತೇನೆ' ಅಂತ ಸೇರಿಸಿ. ಪಿ.ಇ. ಸರ್ ಶಿಫಾರಸು ಇದ್ದರೆ ಅಷ್ಟರಲ್ಲೇ ಕೆಲಸ ಶುರುವಾಗುತ್ತೆ.

ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಪಂದ್ಯಾವಳಿಗೆ ಕೊಡುವ ಅರ್ಹತಾ ಫಾರಂಗೂ ಪ್ರಾಂಶುಪಾಲರ ಸಹಿ ಮತ್ತು ಸೀಲು ಬೇಕು, ನಿಮ್ಮ ಫೋಟೋ ಮೇಲೂ ಸೀಲು ಬೀಳಬೇಕು. ಅದನ್ನೂ ಅವತ್ತೇ ತೆಗೆದುಕೊಂಡು ಹೋಗಿ. ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರಲಿ, ಹುಟ್ಟಿದ ದಿನಾಂಕ ನೋಡಲು ಕೇಳುತ್ತಾರೆ. ಫಾರಂನಲ್ಲಿ ಬರೆಯುವ ಹೆಸರು ಅಂಕಪಟ್ಟಿಯಲ್ಲಿ ಇರುವಂತೆಯೇ ಇರಬೇಕು, ಇನಿಷಿಯಲ್ ಸಮೇತ. ನಮ್ಮ ತಂಡದ ಒಬ್ಬಳ ಇನಿಷಿಯಲ್ ತಪ್ಪಾಗಿ, ಅವಳು ಮೊದಲ ಪಂದ್ಯ ಪೂರ್ತಿ ಗೆರೆಯಾಚೆ ಕೂತು ನೋಡಿದಳು. ಮಂಡಿಗೆ ಪಟ್ಟಿ ಕಟ್ಟಿಕೊಂಡು ಆಡಲು ತಯಾರಾಗಿಯೇ ಬಂದಿದ್ದಳು. ನನಗೆ ಅದು ಇವತ್ತಿಗೂ ಮರೆತಿಲ್ಲ.

ಆನ್ ಡ್ಯೂಟಿಯಿಂದ ಆಗದ ಕೆಲಸವೂ ಇದೆ. ಅದು ಹಾಜರಾತಿ ಉಳಿಸುತ್ತದೆ, ತಪ್ಪಿದ ಪ್ರಯೋಗವನ್ನು ಮಾಡಿಕೊಡುವುದಿಲ್ಲ. ಹೋಗುವ ಮುಂಚೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಉಪನ್ಯಾಸಕರನ್ನು ಒಬ್ಬೊಬ್ಬರಾಗಿ ಕಂಡು, ಆ 12 ದಿನದಲ್ಲಿ ಯಾವ ಪ್ರಯೋಗ ಬರುತ್ತೆ ಅಂತ ಕೇಳಿ ಬರೆದುಕೊಳ್ಳಿ. ಬೇರೆ ಬ್ಯಾಚಿನ ಜೊತೆ ಮುಂಚೆಯೇ ಮಾಡಿ ಮುಗಿಸಬಹುದಾ ಅಂತಲೂ ಕೇಳಿ. ಅಲ್ಲದೆ ಕ್ಲಬ್‌ನವರೋ ಖಾಸಗಿಯವರೋ ನಡೆಸುವ ಟೂರ್ನಿಗೆ ಆನ್ ಡ್ಯೂಟಿ ಸಿಗುವುದು ಕಷ್ಟ. ನಿಮ್ಮದು ಜಿಲ್ಲಾ ತಂಡದ ಆಯ್ಕೆ ಆದ್ದರಿಂದ ಗಟ್ಟಿಯಾಗಿ ಕೇಳಬಹುದು. ಆದರೂ ಕೊಡುವುದು ಪ್ರಾಂಶುಪಾಲರ ಕೈಯಲ್ಲಿದೆ. ಅರ್ಜಿ ಮೇಲೆ ಅವರು 'ಅನುಮತಿಸಲಾಗಿದೆ' ಅಂತ ಮಾತ್ರ ಬರೆದರೆ ಅಲ್ಲೇ ನಿಂತು, 'ಸರ್, ಆನ್ ಡ್ಯೂಟಿ ಅಂತಲೂ ಬರೀತೀರಾ' ಅಂತ ವಿನಯದಿಂದ ಕೇಳಿ. ನಾನು ಅವತ್ತು ಕೇಳಬೇಕಿದ್ದದ್ದು ಅದೊಂದೇ ಮಾತು.

ವಾಪಸ್ ಬಂದ ವಾರದಲ್ಲೇ ಶಿಬಿರದ ಹಾಜರಾತಿ ಪತ್ರ ಮತ್ತು ಪಂದ್ಯದ ಪ್ರಮಾಣಪತ್ರದ ಜೆರಾಕ್ಸ್ ಆಫೀಸಿಗೆ ಕೊಡಿ, ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ. ಪ್ರಾಂಶುಪಾಲರ ಸಹಿ ಇರುವ ಅರ್ಜಿಯ ಪ್ರತಿಯನ್ನು ಪ್ರತಿ ವಿಷಯದ ಉಪನ್ಯಾಸಕರಿಗೂ ತೋರಿಸಿ. ರಿಜಿಸ್ಟರ್ ಅವರ ಹತ್ತಿರ ಇರುತ್ತೆ, ಆಫೀಸಿನ ಫೈಲಿನಲ್ಲಿರುವ ಸಹಿ ಅವರಿಗೆ ತಾನಾಗಿ ತಲುಪುವುದಿಲ್ಲ. ಅವರು ಆ ಹನ್ನೆರಡು ಮನೆಗಳನ್ನು ತಿದ್ದುವಾಗ ಪಕ್ಕದಲ್ಲೇ ನಿಂತು ನೋಡಿ.