ಸಂಜೆಯಾದೊಡನೆ ಕ್ಯಾಮೆರಾ ರೀಸ್ಟಾರ್ಟ್ ಆಗುವುದೇಕೆ?

ಪ್ರಶ್ನೆ: ಮುಲುಂಡ್‌ನ ನಮ್ಮ ಸೊಸೈಟಿಯಲ್ಲಿ ನೆಟ್‌ವರ್ಕ್ ಕೇಬಲ್‌ನಲ್ಲೇ ವಿದ್ಯುತ್ತನ್ನೂ ಕೊಡುವ ಎಂಟು ಪೋರ್ಟ್‌ಗಳ ಪಿಒಇ ಸ್ವಿಚ್ ಇದೆ, ಮೇಲೆ 65 ವಾಟ್ ಎಂದು ಬರೆದಿದೆ. ಏಳು ಕ್ಯಾಮೆರಾಗಳಿದ್ದವು. ಹೋದ ತಿಂಗಳು ಕ್ಲಬ್‌ಹೌಸಿಗೆ ವೈಫೈ ಆಕ್ಸೆಸ್ ಪಾಯಿಂಟ್ ಸೇರಿಸಿ ಒಂದನೇ ಪೋರ್ಟಿಗೆ ಕೊಟ್ಟರು. ಅಂದಿನಿಂದ ಎಂಟನೇ ಪೋರ್ಟಿನ ಹಿಂಬದಿ ಗೇಟಿನ ಕ್ಯಾಮೆರಾ ಸಂಜೆ ಏಳರ ನಂತರ ಪದೇಪದೇ ರೀಸ್ಟಾರ್ಟ್ ಆಗುತ್ತದೆ, ಹಗಲಿನಲ್ಲಿ ಸರಿಯಾಗಿರುತ್ತದೆ. ಹೊಸ ಕ್ಯಾಮೆರಾ ಹಾಕಿದರೂ ಅದೇ ಕಥೆ. ಏನು ಮಾಡಲಿ?

ಉತ್ತರ: ಹೊಸ ಕ್ಯಾಮೆರಾಕ್ಕೆ ಕೊಟ್ಟ ಹಣ ದಂಡವಾಯಿತು ಎಂದೇ ತೋರುತ್ತದೆ. ಕ್ಯಾಮೆರಾ ಹಾಳಾಗಿದ್ದರೆ ಅದಕ್ಕೆ ಗಡಿಯಾರ ನೋಡುವ ಅಭ್ಯಾಸ ಇರುತ್ತಿರಲಿಲ್ಲ. ಇದು ಸ್ವಿಚ್ಚಿನ ವಿದ್ಯುತ್ ಲೆಕ್ಕದ ತೊಂದರೆ. ನಾನು ಮುಂಬೈಯ ಸೊಸೈಟಿಗಳಲ್ಲಿ ಇದೇ ಕೆಲಸ ಮಾಡುವವನು, ಹೊತ್ತು ಮುಳುಗಿದ ಮೇಲೆ ಬರುವ ದೂರುಗಳಲ್ಲಿ ಹೆಚ್ಚಿನವು ಇದೇ ಜಾತಿಯವು.

ಸ್ವಿಚ್ಚಿನ ಮೇಲಿರುವ 65 ವಾಟ್ ಒಂದು ಪೋರ್ಟಿನದಲ್ಲ, ಎಂಟಕ್ಕೂ ಸೇರಿದ್ದು. ಹಗಲಿನಲ್ಲಿ ಸಾಮಾನ್ಯ ಕ್ಯಾಮೆರಾ ಸುಮಾರು 4 ವಾಟ್ ಎಳೆಯುತ್ತದೆ. ಕತ್ತಲಾದಾಗ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ, ಆಗ ಅದೇ ಕ್ಯಾಮೆರಾ 8 ವಾಟ್‌ನಷ್ಟು ಎಳೆಯಬಹುದು. ನಿಮ್ಮ ಏಳು ಕ್ಯಾಮೆರಾಗಳು ಒಂದೇ ಕಾಂಪೌಂಡಿನಲ್ಲಿರುವುದರಿಂದ ಹೆಚ್ಚುಕಡಿಮೆ ಒಟ್ಟಿಗೇ ರಾತ್ರಿಗೆ ಹೊರಳುತ್ತವೆ. ಹಗಲಿನ 28 ವಾಟ್ ಸಂಜೆ 56 ಆಗುತ್ತದೆ. ಇದರ ಮೇಲೆ ವೈಫೈಗೆ 10 ಎಂದುಕೊಳ್ಳಿ, 66 ಆಯಿತು. ಉದ್ದದ ಕೇಬಲ್‌ಗಳಲ್ಲಿ ಒಂದೊಂದಕ್ಕೂ ಅರ್ಧ ವಾಟ್‌ವರೆಗೆ ಸೋರುವುದೂ ಸ್ವಿಚ್ಚಿನ ಲೆಕ್ಕಕ್ಕೇ ಬೀಳುತ್ತದೆ.

ಮಿತಿ ಮೀರಿದಾಗ ಸ್ವಿಚ್ ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆ ಕೊಡುವುದಿಲ್ಲ, ಯಾವುದೋ ಒಂದು ಪೋರ್ಟನ್ನು ಪೂರ್ತಿ ಕತ್ತರಿಸುತ್ತದೆ. ಆದ್ಯತೆ ನಿಗದಿ ಮಾಡದಿದ್ದರೆ ಅನೇಕ ಸ್ವಿಚ್‌ಗಳು ದೊಡ್ಡ ಸಂಖ್ಯೆಯ ಪೋರ್ಟನ್ನೇ ಮೊದಲು ಬಲಿ ಕೊಡುತ್ತವೆ. ಹೊರೆ ಹೆಚ್ಚಿಸಿದ್ದು ಒಂದನೇ ಪೋರ್ಟಿನ ವೈಫೈ, ಶಿಕ್ಷೆ ಎಂಟನೆಯದಕ್ಕೆ. ಆ ಕ್ಯಾಮೆರಾ ಆರಿದೊಡನೆ ಹೊರೆ ಇಳಿಯುತ್ತದೆ, ಸ್ವಿಚ್ ಮತ್ತೆ ವಿದ್ಯುತ್ ಕೊಡುತ್ತದೆ. ಏಳುವಾಗ ಕ್ಯಾಮೆರಾದ ದೀಪಗಳು ಇನ್ನೂ ಹೊತ್ತಿರುವುದಿಲ್ಲವಾದ್ದರಿಂದ ಲೆಕ್ಕ ಸರಿಹೋಗುತ್ತದೆ. ಪೂರ್ತಿ ಎದ್ದು, ಕತ್ತಲನ್ನು ಕಂಡು ದೀಪ ಹೊತ್ತಿಸಿದ ಗಳಿಗೆಯಲ್ಲಿ ಮತ್ತೆ ಮಿತಿ ಮೀರುತ್ತದೆ. ಬೆಳಗಿನವರೆಗೂ ಇದೇ ಆಟ.

ಪರೀಕ್ಷೆಗೆ ಸಂಜೆಯವರೆಗೆ ಕಾಯಬೇಕಿಲ್ಲ. ಮಧ್ಯಾಹ್ನ ಎಲ್ಲ ಕ್ಯಾಮೆರಾಗಳ ಸೆಟ್ಟಿಂಗ್‌ಗೆ ಹೋಗಿ ಹಗಲು-ರಾತ್ರಿ ಆಯ್ಕೆಯನ್ನು ‘ಆಟೋ’ದಿಂದ ‘ನೈಟ್’ಗೆ ಬದಲಿಸಿ. ಕೆಲವು ಮಾದರಿಗಳಲ್ಲಿ ಇನ್‌ಫ್ರಾರೆಡ್ ದೀಪವನ್ನು ಬೇರೆಯಾಗಿ ಆನ್ ಮಾಡಬೇಕಾಗುತ್ತದೆ. ಎಂಟನೆಯದು ನೆತ್ತಿಯ ಬಿಸಿಲಿನಲ್ಲೇ ಬಿದ್ದರೆ ಅನುಮಾನಕ್ಕೆ ಜಾಗವಿಲ್ಲ. ಆಮೇಲೆ ವೈಫೈ ಕೇಬಲ್ ಕಿತ್ತು ನೋಡಿ, ಕ್ಯಾಮೆರಾ ಬೀಳದೆ ನಡೆಯಬೇಕು. ಸಿಸ್ಕೊ ಐಒಎಸ್ ಇರುವ ಮ್ಯಾನೇಜ್ಡ್ ಸ್ವಿಚ್ ಆಗಿದ್ದರೆ ಈ ಆದೇಶ ಕೊಟ್ಟಾಗ ಒಟ್ಟು, ಬಳಕೆ, ಉಳಿಕೆ ಮೂರೂ ತೆರೆಯ ಮೇಲೆ ಕಾಣುತ್ತವೆ:

```
show power inline
```

ಒಂದು ವ್ಯತ್ಯಾಸ ಗಮನಿಸಿ. ಕೆಲವು ಸ್ವಿಚ್‌ಗಳು ನಿಜವಾದ ಬಳಕೆಯನ್ನು ನೋಡದೆ, ಸಾಧನ ಹೇಳಿಕೊಂಡ ವಿದ್ಯುತ್ ದರ್ಜೆಗೆ ತಕ್ಕಂತೆ ವಿದ್ಯುತ್ತನ್ನು ಕಾದಿರಿಸುತ್ತವೆ. ದರ್ಜೆ ಹೇಳದ ಕ್ಯಾಮೆರಾಕ್ಕೆ 15.4 ವಾಟ್ ಮೀಸಲಾಗುತ್ತದೆ, ಆಗ 65ರಲ್ಲಿ ನಾಲ್ಕೇ ಹಿಡಿಯುತ್ತವೆ. ಅಲ್ಲಿ ಐದನೆಯದು ರೀಸ್ಟಾರ್ಟ್ ಆಗುವುದಿಲ್ಲ, ಏಳುವುದೇ ಇಲ್ಲ. ನಿಮ್ಮಲ್ಲಿ ಎಂಟೂ ಹಗಲಿನಲ್ಲಿ ನಡೆಯುತ್ತಿರುವುದರಿಂದ ನಿಮ್ಮ ಸ್ವಿಚ್ ಬಳಕೆಯನ್ನೇ ಅಳೆಯುತ್ತಿದೆ.

ಅಗ್ಗದ ಪರಿಹಾರವೆಂದರೆ ವೈಫೈಗೆ ಕೇಬಲ್‌ನಲ್ಲಿ ವಿದ್ಯುತ್ ಸೇರಿಸುವ ಪ್ರತ್ಯೇಕ ಪಿಒಇ ಇಂಜೆಕ್ಟರ್. ಕೊಳ್ಳುವಾಗ ಪಿಒಇ ಮಾನದಂಡವಾದ 802.3af ಎಂದು ಬರೆದಿರುವುದನ್ನು ನೋಡಿ, 24 ವೋಲ್ಟಿನ ಪ್ಯಾಸಿವ್ ಮಾದರಿಯನ್ನು ಅಂಗಡಿಯವರು ಕೈಗೆ ತುರುಕಿದರೆ ಬೇಡ ಎನ್ನಿ. ಆದರೂ 56ರ ಮೇಲೆ ಕೇಬಲ್ ಸೋರಿಕೆ ಸೇರಿದರೆ 65ಕ್ಕೆ ಹೆಚ್ಚು ದೂರವಿಲ್ಲ. ಕಮಿಟಿ ಒಪ್ಪಿದರೆ 120 ವಾಟ್ ಆಸುಪಾಸಿನ ಸ್ವಿಚ್ ಹಾಕಿಸಿ, ಇನ್ನೆರಡು ಕ್ಯಾಮೆರಾಗಳ ಬೇಡಿಕೆ ಬರದೆ ಇರುವ ಸೊಸೈಟಿಯನ್ನು ನಾನು ಕಂಡಿಲ್ಲ. ಪೋರ್ಟ್ ಆದ್ಯತೆ ಬದಲಿಸುವುದರಿಂದ ಹಿಂಬದಿ ಗೇಟು ಉಳಿಯಬಹುದು, ಆದರೆ ಆಗ ಇನ್ನೊಂದು ಪೋರ್ಟ್ ಆರುತ್ತದೆ, ವಾಟ್ ಹೆಚ್ಚುವುದಿಲ್ಲ. ಸ್ವಿಚ್ಚಿಗೆ ಹೊರಗಿನ ಅಡಾಪ್ಟರ್ ಇದ್ದರೆ ಅದರ ವಾಟ್ ಕೂಡ ಓದಿ: ಹಳೆಯದು ಸುಟ್ಟಾಗ ಯಾರಾದರೂ ಸಣ್ಣದನ್ನು ಸಿಕ್ಕಿಸಿದ್ದರೆ 65 ಎಂಬುದು ಬರೀ ಅಕ್ಷರ.

ಮಧ್ಯಾಹ್ನದ ಪರೀಕ್ಷೆಯಲ್ಲಿ ವೈಫೈ ಕಿತ್ತ ಮೇಲೂ ಆ ಒಂದೇ ಕ್ಯಾಮೆರಾ ಬೀಳುತ್ತಿದ್ದರೆ ಅದನ್ನು ಇಳಿಸಿ, ಅದೇ ಪೋರ್ಟಿಗೆ ಎರಡು ಮೀಟರ್ ಕೇಬಲ್‌ನಿಂದ ಜೋಡಿಸಿ ನೋಡಿ. ಆಗ ಬೀಳದೆ ನಡೆದರೆ ತಪ್ಪು ಗೇಟಿನವರೆಗಿನ ಕೇಬಲ್‌ನದು: ತಾಮ್ರ ಲೇಪಿಸಿದ ಅಲ್ಯುಮಿನಿಯಂ ತಂತಿ ಇರಬಹುದು, ಇಲ್ಲವೇ ಮಳೆನೀರು ಹೊಕ್ಕು ಹಸಿರುಗಟ್ಟಿದ ಜಾಕ್.