ದೊಡ್ಡ ಕರುಳನ್ನು ಪೂರ್ತಿ ತೆಗೆಯಬೇಕೆಂದಿದ್ದಾರೆ, ಒಪ್ಪಬಹುದೇ?

ಪ್ರಶ್ನೆ: ನಾವು ಚಿಕ್ಕಮಗಳೂರಿನವರು. ನನ್ನ ತಂಗಿಗೆ 31 ವರ್ಷ. ಕಾಲೇಜಿನ ದಿನಗಳಿಂದಲೂ ಮಲಬದ್ಧತೆ. ಈಗ ಮಾತ್ರೆ ಇಲ್ಲದಿದ್ದರೆ ಎಂಟು ಹತ್ತು ದಿನವಾದರೂ ಹೊರಗೆ ಹೋಗುವುದಿಲ್ಲ. ಕೊಲೊನೋಸ್ಕೋಪಿ ಸರಿಯಾಗಿದೆ, ಥೈರಾಯ್ಡ್ ಸರಿಯಾಗಿದೆ. ಮಾರ್ಕರ್ ಪರೀಕ್ಷೆ ಮಾಡಿಸಿ, ಕರುಳು ನಿಧಾನವಾಗಿದೆ, ದೊಡ್ಡ ಕರುಳನ್ನು ಪೂರ್ತಿ ತೆಗೆಯುವುದೇ ದಾರಿ ಎಂದು ಸರ್ಜನ್ ಹೇಳಿದ್ದಾರೆ. ಒಪ್ಪಬಹುದೇ?

ಉತ್ತರ: ನಾನು ಹಾಸನದಲ್ಲಿ ಜೀರ್ಣಾಂಗಗಳ ಶಸ್ತ್ರಚಿಕಿತ್ಸಕ, ಈ ಆಪರೇಷನ್ನನ್ನು ನಾನೂ ಮಾಡುತ್ತೇನೆ. ನಿಮ್ಮ ಸರ್ಜನ್ ಹೇಳಿದ್ದು ಇಲ್ಲದ ಚಿಕಿತ್ಸೆಯೇನಲ್ಲ, ಆಯ್ದ ಕೆಲವರಿಗೆ ಅದು ಸರಿಯಾದ ಚಿಕಿತ್ಸೆಯೇ. ಆದರೆ ನೀವು ಬರೆದಿರುವುದರಲ್ಲಿ ಒಂದು ಪರೀಕ್ಷೆಯ ಹೆಸರು ಕಾಣುತ್ತಿಲ್ಲ. ಗುದದ ಸ್ನಾಯುಗಳ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಮತ್ತು ಅದರ ಜೊತೆಗೇ ಮಾಡುವ ಬಲೂನ್ ಪರೀಕ್ಷೆ ಆಗಿಲ್ಲವಾದರೆ, ಅವು ಮುಗಿಯುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.

ಕಾರಣ ಅರ್ಥವಾಗಬೇಕಾದರೆ ಕರುಳಿನ ಕೆಲಸವನ್ನು ಸ್ವಲ್ಪ ನೋಡಬೇಕು. ದೊಡ್ಡ ಕರುಳಿನ ಉದ್ದ ಸುಮಾರು ಒಂದೂವರೆ ಮೀಟರ್. ದಿನಕ್ಕೆ ಕೆಲವೇ ಸಲ, ಹೆಚ್ಚಾಗಿ ಬೆಳಿಗ್ಗೆ ಎದ್ದಾಗ ಮತ್ತು ಊಟವಾದ ಮೇಲೆ, ಅದರಲ್ಲಿ ಬಲವಾದ ಅಲೆಯೊಂದು ಎದ್ದು ಮಲವನ್ನು ಬಹು ದೂರ ಮುಂದಕ್ಕೆ ತಳ್ಳುತ್ತದೆ. ನಿಧಾನ ಚಲನೆಯ ಮಲಬದ್ಧತೆಯಲ್ಲಿ ಈ ಅಲೆಗಳು ವಿರಳವಾಗುತ್ತವೆ ಅಥವಾ ಅರ್ಧದಲ್ಲೇ ಸೋಲುತ್ತವೆ. ಇಂಥವರ ಕರುಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಚಲನೆಗೆ ಲಯ ಕೊಡುವ ಕಹಾಲ್ ಕೋಶಗಳು ಕಡಿಮೆಯಾಗಿರುವುದು ಕಂಡುಬರುತ್ತದೆ. ಮಲ ನಿಂತಲ್ಲೇ ನಿಂತು ನೀರು ಹೀರಿಹೋಗಿ ಗಟ್ಟಿಯಾಗುತ್ತದೆ. ಸೊಪ್ಪು, ಇಸಬ್ಗೋಲ್, ರಾಗಿ ಹೆಚ್ಚು ತಿನ್ನಿ ಎಂಬ ಸಲಹೆ ಇವರಿಗೆ ಕೆಲಸ ಮಾಡದಿರುವುದೂ ಇದರಿಂದಲೇ. ಮುಂದೆ ಸಾಗದ ಕರುಳಿನಲ್ಲಿ ನಾರು ಹುದುಗು ಬಂದು ಹೊಟ್ಟೆ ಉಬ್ಬರವನ್ನೇ ಹೆಚ್ಚಿಸುತ್ತದೆ. ಮನೆಯವರು ಮತ್ತೆ ಮತ್ತೆ ಸೊಪ್ಪಿನ ಸಾರು ಬಡಿಸಿ, "ತಿಂದರೂ ಆಗಲ್ಲ ಅಂತೀಯಲ್ಲ" ಎಂದು ಬೈಯುವುದನ್ನು ನಾನು ಹೊರರೋಗಿ ವಿಭಾಗದಲ್ಲೇ ಕೇಳಿದ್ದೇನೆ.

ಮಾರ್ಕರ್ ಪರೀಕ್ಷೆ ಸರಳವಾದದ್ದು. ಎಕ್ಸ್‌ರೇಯಲ್ಲಿ ಕಾಣುವ 24 ಸಣ್ಣ ಉಂಗುರಗಳಿರುವ ಕ್ಯಾಪ್ಸೂಲ್ ನುಂಗಿಸಿ, ಭೇದಿ ಮಾತ್ರೆಗಳನ್ನೆಲ್ಲ ನಿಲ್ಲಿಸಿ, ಐದನೆಯ ದಿನ ಹೊಟ್ಟೆಯ ಚಿತ್ರ ತೆಗೆಯುತ್ತಾರೆ. ಐದಕ್ಕಿಂತ ಹೆಚ್ಚು ಉಂಗುರ ಉಳಿದಿದ್ದರೆ ಚಲನೆ ನಿಧಾನ ಎಂದು ಲೆಕ್ಕ. ನಮ್ಮ ದೇಶದವರ ಕರುಳು ಸಾಮಾನ್ಯವಾಗಿ ಪಾಶ್ಚಾತ್ಯರದ್ದಕ್ಕಿಂತ ಬೇಗ ಚಲಿಸುವುದರಿಂದ ಇಲ್ಲಿನ ಕೆಲವು ಕೇಂದ್ರಗಳು ಬೇರೆ ಕ್ರಮದಲ್ಲಿ ಉಂಗುರ ನುಂಗಿಸಿ 60 ಗಂಟೆಗೇ ಚಿತ್ರ ತೆಗೆಯುತ್ತವೆ; ಆದ್ದರಿಂದ ವರದಿಯಲ್ಲಿ ಯಾವ ಕ್ರಮ ಅನುಸರಿಸಿದ್ದಾರೆಂದು ನೋಡಿಕೊಳ್ಳಿ. ಸಂಖ್ಯೆಯಷ್ಟೇ ಮುಖ್ಯವಾದದ್ದು ಉಂಗುರಗಳು ನಿಂತಿರುವ ಜಾಗ. ಬಲಗಡೆಯಿಂದ ಎಡಗಡೆಯವರೆಗೆ ಚೆಲ್ಲಿದಂತಿದ್ದರೆ ಇಡೀ ಕರುಳೇ ಸೋತಿರಬಹುದು, ಕೆಳಗೆ ಒಂದೇ ಕಡೆ ಗುಂಪಾಗಿದ್ದರೆ ತೊಂದರೆ ಗುದವೆಂಬ ಬಾಗಿಲಿನಲ್ಲಿರುವ ಸಂಭವ ಹೆಚ್ಚು.

ಚಿತ್ರ ಚೆಲ್ಲಿದಂತಿದ್ದರೂ ಅಷ್ಟರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಮಲ ಹೊರಹಾಕಲು ಮುಕ್ಕುವಾಗ ಸಡಿಲಗೊಳ್ಳಬೇಕಾದ ಗುದದ ಸ್ನಾಯು ಕೆಲವರಲ್ಲಿ ತಿಳಿಯದೆಯೇ ಬಿಗಿಯಾಗುತ್ತದೆ. ಹೀಗೆ ಕೆಳಗಿನ ಬಾಗಿಲು ಮುಚ್ಚಿಯೇ ಇದ್ದರೆ ಮೇಲಿನ ಕರುಳೂ ಕಾಲಕ್ರಮೇಣ ನಿಧಾನವಾಗುತ್ತದೆ, ಮಾರ್ಕರ್ ಚಿತ್ರದಲ್ಲಿ ಅದು ನಿಜವಾದ ಕರುಳಿನ ರೋಗದಂತೆಯೇ ಕಾಣುತ್ತದೆ. ಬಾಗಿಲನ್ನು ಸರಿಪಡಿಸಿದರೆ ಇವರಲ್ಲಿ ಅನೇಕರ ಕರುಳು ತಾನೇ ಚುರುಕಾಗುತ್ತದೆ. ಸರಿಪಡಿಸದೆ ಕರುಳನ್ನು ತೆಗೆದರೆ, ತೆಳುವಾದ ಮಲವನ್ನೂ ಹೊರಹಾಕಲಾಗದೆ ಮತ್ತೆ ಮುಕ್ಕುತ್ತಾ ಕೂರಬೇಕಾಗುತ್ತದೆ. ಬಲೂನ್ ಪರೀಕ್ಷೆ ಹುಡುಕುವುದು ಇದನ್ನೇ. ಮಲಾಶಯದೊಳಗೆ ಪುಟ್ಟ ಬಲೂನಿಟ್ಟು 50 ಮಿ.ಲೀ. ಬೆಚ್ಚಗಿನ ನೀರು ತುಂಬಿ, ಪರದೆಯ ಹಿಂದೆ ಕಮೋಡಿನ ಮೇಲೆ ಕೂರಿಸಿ, ಹೊರಗೆ ತಳ್ಳಲು ಹೇಳುತ್ತಾರೆ. ಆರೋಗ್ಯವಂತರು ಒಂದೆರಡು ನಿಮಿಷದೊಳಗೆ ತಳ್ಳುತ್ತಾರೆ.

ಸಕಲೇಶಪುರದ ಕಡೆಯ ಶಿಕ್ಷಕಿಯೊಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಅವರದ್ದೂ ನಿಮ್ಮ ತಂಗಿಯಂಥದ್ದೇ ಕಥೆ, ವಾರವಾದರೂ ಮಲ ಬರಬೇಕೆಂಬ ಅನಿಸಿಕೆಯೇ ಇಲ್ಲ. ಐದನೆಯ ದಿನದ ಚಿತ್ರದಲ್ಲಿ 24ರಲ್ಲಿ 22 ಉಂಗುರ ಉಳಿದಿದ್ದವು, ಕರುಳಿನ ಉದ್ದಕ್ಕೂ ಚೆಲ್ಲಿದ್ದವು. ಬೇರೊಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನಾಂಕವೂ ನಿಗದಿಯಾಗಿತ್ತು. ಮಂಗಳೂರಿಗೆ ಕಳಿಸಿ ಮ್ಯಾನೊಮೆಟ್ರಿ ಮಾಡಿಸಿದಾಗ, ಮುಕ್ಕಿದಾಗಲೆಲ್ಲ ಗುದದ ಒತ್ತಡ ಇಳಿಯುವ ಬದಲು ಏರುತ್ತಿತ್ತು. ಬಲೂನ್ ಮೂರು ನಿಮಿಷವಾದರೂ ಹೊರಗೆ ಬರಲಿಲ್ಲ. ಅಂದರೆ ಅವರಿಗೆ ಎರಡು ತೊಂದರೆಗಳಿದ್ದವು, ಯಾವುದು ಮೂಲ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಬಯೋಫೀಡ್‌ಬ್ಯಾಕ್ ತರಬೇತಿ ಕೊಡಿಸಿದೆವು. ಗುದದೊಳಗಿನ ಸಣ್ಣ ಕೊಳವೆಯೊಂದು ಸ್ನಾಯುವಿನ ಒತ್ತಡವನ್ನು ಎದುರಿನ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಹೊಟ್ಟೆಯಿಂದ ಒತ್ತುತ್ತಾ ಆ ಗೆರೆಯನ್ನು ಕೆಳಗಿಳಿಸುವುದನ್ನು ಕಲಿಯಬೇಕು. ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆಯಂತೆ ಆರು ಸಲ ಹೋಗಬೇಕಾಗುತ್ತದೆ. ನಮ್ಮ ಕಡೆಯ ರೋಗಿಗಳು ಎರಡನೆಯ ಸಲಕ್ಕೇ ಬಿಟ್ಟುಬಿಡುವುದುಂಟು, ಘಾಟಿ ಇಳಿದು ಹೋಗಿ ಬರುವ ಕಷ್ಟವೂ ಇದೆ, ಸಂಕೋಚವೂ ಇದೆ. ಈಕೆ ಬಿಡಲಿಲ್ಲ. ಮೂರು ತಿಂಗಳಾದ ಮೇಲೆ ಬಲೂನ್ ಒಂದು ನಿಮಿಷದೊಳಗೆ ಹೊರಬಂತು, ಮುಕ್ಕುವ ಯಾತನೆಯೂ ಕಡಿಮೆಯಾಯಿತು. ಬಹಳ ಜನರ ಕಥೆ ಇಲ್ಲಿಗೇ ಮುಗಿಯುತ್ತದೆ, ಅವರು ಆಪರೇಷನ್ ಮೇಜಿಗೆ ಬರುವುದೇ ಇಲ್ಲ. ಈಕೆಗೆ ಮಾತ್ರ ಮಲ ಬರಬೇಕೆಂಬ ಅನಿಸಿಕೆ ವಾರಕ್ಕೊಮ್ಮೆಯೇ ಉಳಿಯಿತು. ಮಾರ್ಕರ್ ಪರೀಕ್ಷೆಯನ್ನು ಮತ್ತೆ ಮಾಡಿಸಿದೆವು: 19 ಉಂಗುರ, ಈಗಲೂ ಚೆಲ್ಲಿದಂತೆಯೇ. ಬಾಗಿಲು ತೆರೆದ ಮೇಲೂ ಕರುಳು ಸಾಗುತ್ತಿಲ್ಲ ಎಂಬುದು ಆಗ ಖಚಿತವಾಯಿತು.

ಔಷಧಿಗಳು ಸೋತಿವೆ ಎನ್ನುವ ಮೊದಲು ಅವನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ದಿನ ಕೊಟ್ಟಿದ್ದಾರೆಯೇ ಎಂದು ನೋಡಬೇಕು. ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಬೇಕೆನಿಸಿದಾಗ ಒಂದು ಪೊಟ್ಟಣ ಕುಡಿದರೆ ಅದು ಪರೀಕ್ಷೆಯಲ್ಲ. ದಿನಕ್ಕೆ 17 ಗ್ರಾಂನಿಂದ ಆರಂಭಿಸಿ ತಪ್ಪದೆ ಕುಡಿಯಬೇಕು, ಅದರ ಜೊತೆ ಬಿಸಾಕೊಡಿಲ್‌ನಂಥ ಚೋದಕ ಮಾತ್ರೆ ಸೇರಬೇಕು. ಅನಂತರ ಪ್ರುಕಾಲೊಪ್ರೈಡ್ 2 ಮಿ.ಗ್ರಾಂ ದಿನಕ್ಕೊಮ್ಮೆ. ಮೊದಲ ದಿನಗಳಲ್ಲಿ ತಲೆನೋವು ಬಂದು ಅನೇಕರು ನಿಲ್ಲಿಸಿಬಿಡುತ್ತಾರೆ, ಆದರೆ ಅದು ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ನಾಲ್ಕು ವಾರ ತೆಗೆದುಕೊಂಡರೂ ಫಲ ಕಾಣದಿದ್ದರೆ ಆಗ ಸೋತಿದೆ ಎನ್ನಬಹುದು. ಲಿನಾಕ್ಲೊಟೈಡ್ ಅಥವಾ ಲೂಬಿಪ್ರೊಸ್ಟೋನ್ ಇನ್ನೊಂದು ಮಜಲು. ತಂಗಿಯವರು ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿಯನ್ನೂ ವೈದ್ಯರ ಮುಂದಿಡಿ. ಕಬ್ಬಿಣದ ಮಾತ್ರೆ, ಅಮಿಟ್ರಿಪ್ಟಿಲಿನ್, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಇವೆಲ್ಲ ಕರುಳನ್ನು ಕಟ್ಟಿಹಾಕುತ್ತವೆ.

ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ಹೊಟ್ಟೆ ಮತ್ತು ಸಣ್ಣ ಕರುಳೂ ನಿಧಾನವಾಗಿದ್ದರೆ ದೊಡ್ಡ ಕರುಳನ್ನು ತೆಗೆದು ಪ್ರಯೋಜನವಿಲ್ಲ. ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಹಿಂದಿನ ರಾತ್ರಿಯ ಊಟ ಬೆಳಿಗ್ಗೆ ವಾಂತಿಯಲ್ಲಿ ಬರುವುದು ಇದ್ದರೆ ಹೊಟ್ಟೆ ಖಾಲಿಯಾಗುವ ವೇಗವನ್ನು ಅಳೆಯಲೇಬೇಕು. ನಮ್ಮ ಶಿಕ್ಷಕಿಯಲ್ಲಿ ಅದು ಸರಿಯಿತ್ತು, ಮನೋವೈದ್ಯರೂ ನೋಡಿ ತೊಂದರೆಯಿಲ್ಲವೆಂದರು. ಅನುಮಾನ ಉಳಿದವರಿಗೆ ಮೊದಲು ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಾತ್ಕಾಲಿಕವಾಗಿ ತೆರೆದು, ಚೀಲ ಕಟ್ಟಿ, ಕೆಲವು ತಿಂಗಳು ನೋಡುವ ದಾರಿಯೂ ಇದೆ. ದೊಡ್ಡ ಕರುಳಿಗೆ ಏನೂ ಹೋಗದಿರುವಾಗಲೂ ನೋವು, ಉಬ್ಬರ ಹಾಗೆಯೇ ಇದ್ದರೆ ತಪ್ಪು ದೊಡ್ಡ ಕರುಳಿನದ್ದಲ್ಲ.

ಎಲ್ಲವೂ ಸರಿಹೊಂದಿದರೆ ಮಾಡುವ ಆಪರೇಷನ್ನಿನಲ್ಲಿ ಇಡೀ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಗುದದ್ವಾರದಿಂದ ಸುಮಾರು 15 ಸೆಂ.ಮೀ. ಮೇಲೆ ಮಲಾಶಯಕ್ಕೆ ಜೋಡಿಸುತ್ತೇವೆ. ಜೋಡಣೆ ಅದಕ್ಕಿಂತ ಮೇಲಾದರೆ ಉಳಿದ ದೊಡ್ಡ ಕರುಳಿನಿಂದಾಗಿ ಮಲಬದ್ಧತೆ ಮರಳಬಹುದು, ತೀರ ಕೆಳಗಾದರೆ ಮಲ ತಡೆಯುವುದು ಕಷ್ಟವಾಗುತ್ತದೆ. ಅರ್ಧ ಕರುಳು ತೆಗೆದರೆ ಸಾಕು ಎಂದು ಯಾರಾದರೂ ಹೇಳಿದರೆ ಎರಡು ಸಲ ಕೇಳಿ. ಅರ್ಧ ತೆಗೆದವರಲ್ಲಿ ತೊಂದರೆ ಮರಳುವುದು ಹೆಚ್ಚು. ಲಂಡನ್ನಿನ ಶಸ್ತ್ರಚಿಕಿತ್ಸಕ ಅರ್ಬತ್‌ನಾಟ್ ಲೇನ್ 1908ರಲ್ಲೇ ಮಲಬದ್ಧತೆಗೆ ಕರುಳು ತೆಗೆದ ಫಲಿತಾಂಶಗಳನ್ನು ಪ್ರಕಟಿಸಿದ್ದರು. ಮಲದ ವಿಷ ಮೈಗೇರುತ್ತದೆಂಬ ನಂಬಿಕೆಯಲ್ಲಿ ಅವರು ಕಂಡಕಂಡವರಿಗೆ ಅದನ್ನು ಮಾಡಿದ್ದರಿಂದ ಆಪರೇಷನ್ನಿಗೇ ಕೆಟ್ಟ ಹೆಸರು ಬಂತು. ಇಂದಿನ ಒಳ್ಳೆಯ ಫಲಿತಾಂಶಗಳಿಗೆ ಕತ್ತರಿಗಿಂತ ಹೆಚ್ಚಾಗಿ ರೋಗಿಯ ಆಯ್ಕೆಯೇ ಕಾರಣ ಎಂಬುದು ನನ್ನ ಅಭಿಪ್ರಾಯ.

ಶಿಕ್ಷಕಿಗೆ ಲ್ಯಾಪರೋಸ್ಕೋಪಿಯಲ್ಲಿ ಮಾಡಿದೆವು. ಮೊದಲ ವಾರಗಳಲ್ಲಿ ದಿನಕ್ಕೆ ಆರೇಳು ಸಲ ನೀರಾಗಿ ಹೋಗುತ್ತಿತ್ತು. ಲೋಪರಮೈಡ್ ಮಾತ್ರೆ, ಉಪ್ಪು ಹಾಕಿದ ಗಂಜಿ, ಓಆರ್‌ಎಸ್ ಕೊಟ್ಟೆವು. ಕಳಲೆ, ಹಲಸಿನಂಥ ನಾರಿನ ಪದಾರ್ಥಗಳನ್ನು ಆ ಸಮಯದಲ್ಲಿ ಮುಟ್ಟಬೇಡಿ ಎಂದಿದ್ದೆವು. ಆರು ತಿಂಗಳ ಹೊತ್ತಿಗೆ ದಿನಕ್ಕೆ ಮೂರು ಸಲಕ್ಕೆ ಇಳಿಯಿತು. ಉಬ್ಬರ ಮಾತ್ರ ಪೂರ್ತಿ ಹೋಗಲಿಲ್ಲ. ಅದು ಹೋಗುತ್ತದೆಂದು ನಾವು ಭರವಸೆ ಕೊಟ್ಟಿರಲೂ ಇಲ್ಲ, ಏಕೆಂದರೆ ಈ ಆಪರೇಷನ್ ಮಲ ಹೋಗುವ ಸಂಖ್ಯೆಯನ್ನು ಸರಿಪಡಿಸುತ್ತದೆಯೇ ಹೊರತು ನೋವನ್ನೂ ಉಬ್ಬರವನ್ನೂ ನೆಚ್ಚಿಕೊಳ್ಳುವಷ್ಟು ಕಡಿಮೆ ಮಾಡುವುದಿಲ್ಲ. ನಿಮ್ಮ ತಂಗಿಯ ಮುಖ್ಯ ದೂರು ನೋವೇ ಆಗಿದ್ದರೆ ನಾನು ಆಪರೇಷನ್ನಿಗೆ ಹಿಂಜರಿಯುತ್ತೇನೆ.

ಅಪಾಯಗಳಲ್ಲಿ ತಕ್ಷಣದ್ದು ಜೋಡಣೆ ಸೋರುವುದು. ಮೊದಲ ವಾರದಲ್ಲಿ ಜ್ವರ, ನಾಡಿಯ ಓಟ, ಹೆಚ್ಚುತ್ತಿರುವ ಹೊಟ್ಟೆನೋವು ಅದರ ಸುಳಿವು, ಆಗ ಮತ್ತೆ ಹೊಟ್ಟೆ ತೆರೆದು ಚೀಲ ಕಟ್ಟಬೇಕಾಗಬಹುದು. ಅದಕ್ಕಿಂತ ಸಾಮಾನ್ಯವಾದದ್ದು, ವರ್ಷಗಳ ನಂತರವೂ ಕಾಡಬಹುದಾದದ್ದು, ಸಣ್ಣ ಕರುಳು ಒಳಗಿನ ಅಂಟುಗಳಲ್ಲಿ ಸಿಕ್ಕಿ ಅಡ್ಡಗಟ್ಟುವುದು; ಸುಮಾರು ನೂರಕ್ಕೆ 15 ಮಂದಿಯಲ್ಲಿ ಇದು ಆಗುತ್ತದೆ. ಶಿಕ್ಷಕಿಯೂ ಎರಡನೆಯ ವರ್ಷ ಒಮ್ಮೆ ಇದಕ್ಕೇ ದಾಖಲಾಗಿ, ಮೂಗಿನಲ್ಲಿ ಕೊಳವೆ ಹಾಕಿಸಿಕೊಂಡು, ಮತ್ತೆ ಆಪರೇಷನ್ ಇಲ್ಲದೆ ಮನೆಗೆ ಹೋದರು.

ಈ ಆಪರೇಷನ್ನಿಗೆ ಅವಸರವಿಲ್ಲ, ಮೂರು ನಾಲ್ಕು ತಿಂಗಳು ತಡವಾದರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ನಿಮಗೆ ಮ್ಯಾನೊಮೆಟ್ರಿಗೆ ಮಂಗಳೂರು, ಮಣಿಪಾಲ ಅಥವಾ ಬೆಂಗಳೂರು ಅನುಕೂಲವಾಗಬಹುದು. ಮಾರ್ಕರ್ ಪರೀಕ್ಷೆಯ ವರದಿಯ ಜೊತೆ ಎಕ್ಸ್‌ರೇ ಚಿತ್ರವನ್ನೂ ತೆಗೆದುಕೊಂಡು ಹೋಗಿ. ಈ ನಡುವೆ ಹೊಟ್ಟೆ ಬಿಗಿದು ಊದಿ, ಗಾಳಿಯೂ ಹೋಗದೆ, ವಾಂತಿ ಶುರುವಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಯಾವ ಪರೀಕ್ಷೆಯ ದಿನಾಂಕಕ್ಕೂ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.