ನೂರಕ್ಕೆ ಎರಡು ಎಂದು ಬರೆದರೂ ನೂರಕ್ಕೆ ಮೂರೂವರೆ ಹತ್ತಿರ

ಓದುಗರ ಪತ್ರ: "ನಾನು ಬೀಜ, ಗೊಬ್ಬರದ ಅಂಗಡಿ ನಡೆಸುತ್ತೇನೆ. ಬಿತ್ತನೆಗೆ ಮುಂಚೆ ಅಂಗಡಿಯ ಮುಂದೆ ಹಾಕುವ ಪ್ರಕಟಣೆ ಹೀಗಿದೆ: ‘ಮೆಕ್ಕೆಜೋಳದ ಉತ್ತಮ ಬೀಜ ಹಾಗೂ ಎಲ್ಲ ಗೊಬ್ಬರಗಳು ದಾಸ್ತಾನಿವೆ. ಎಕರೆಗೆ ಒಂದು ಚೀಲ ಡಿಎಪಿ, ಎರಡು ಚೀಲ ಯೂರಿಯಾ ಹಾಕಿರಿ. ನಗದಿಗೆ ನೂರಕ್ಕೆ ಆರು ರಿಯಾಯಿತಿ. ಉದ್ದರಿಗೆ ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ, ಬೆಳೆ ಬಂದ ಮೇಲೆ ಕೊಡಿ.’ ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಆದರೂ ಸುಗ್ಗಿಯ ಹೊತ್ತಿಗೆ ರೈತರೊಂದಿಗೆ ಜಗಳ ತಪ್ಪುವುದಿಲ್ಲ. ಏನನ್ನು ತಿದ್ದಬೇಕು?"

ಸಂಪಾದಕರ ಉತ್ತರ:

ನಿಮ್ಮ ಪ್ರಕಟಣೆಯ ಕೊನೆಯ ಎರಡು ವಾಕ್ಯಗಳಿಂದಲೇ ಶುರು ಮಾಡೋಣ, ಜಗಳದ ಬೇರು ಇರುವುದು ಅಲ್ಲೇ. ನೀವು ಸುಳ್ಳು ಬರೆದಿಲ್ಲ, ಒಪ್ಪುತ್ತೇನೆ. ಆದರೆ ರಿಯಾಯಿತಿಯನ್ನು ಒಂದು ಸಾಲಿನಲ್ಲಿ, ಬಡ್ಡಿಯನ್ನು ಇನ್ನೊಂದು ಸಾಲಿನಲ್ಲಿ ಬರೆದಿದ್ದೀರಿ. ಅವೆರಡನ್ನೂ ಕೂಡಿಸಿ ನೋಡುವ ಕೆಲಸ ರೈತನ ಪಾಲಿಗೆ ಬಿದ್ದಿದೆ.

ಪಟ್ಟಿಯಲ್ಲಿ 100 ಎಂದು ಬರೆದ ಸರಕನ್ನು ನಗದು ಕೊಟ್ಟವನು 94ಕ್ಕೆ ಒಯ್ಯುತ್ತಾನೆ. ಉದ್ದರಿ ಒಯ್ದವನು ಐದು ತಿಂಗಳ ನಂತರ ನೂರರ ಮೇಲೆ ಹತ್ತು ಸೇರಿಸಿ 110 ಕೊಡುತ್ತಾನೆ. ಆ ದಿನ ಅವನು ಪಡೆದ ಸರಕಿನ ನಿಜವಾದ ಬೆಲೆ 94 ಆಗಿರುವುದರಿಂದ, 94ರ ಮೇಲೆ ಅವನು 16 ಹೆಚ್ಚು ಕೊಟ್ಟಂತಾಯಿತು. ಅಂದರೆ ಐದು ತಿಂಗಳಿಗೆ ನೂರಕ್ಕೆ ಹದಿನೇಳು, ತಿಂಗಳಿಗೆ ನೂರಕ್ಕೆ ಮೂರೂವರೆಗೆ ಸ್ವಲ್ಪ ಕಡಿಮೆ, ವರ್ಷಕ್ಕೆ ನಲವತ್ತರ ಆಸುಪಾಸು. ಪ್ರಕಟಣೆಯಲ್ಲಿ ಕಾಣುವುದು ಎರಡು, ಕೈಯಿಂದ ಹೋಗುವುದು ಮೂರೂವರೆ. ಪಕ್ಕದ ಹೊಲದವನು ನಗದು ಕೊಟ್ಟು ತಂದ ಚೀಲದ ಬೆಲೆ ತಿಳಿದ ದಿನವೇ ರೈತನ ಮನಸ್ಸು ಕಹಿಯಾಗುತ್ತದೆ.

ಉದ್ದರಿಗೆ ಹೆಚ್ಚು ಬೆಲೆ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ನೀವೂ ಸಗಟು ವ್ಯಾಪಾರಿಗೆ ಹಣ ಕೊಡಬೇಕು, ಬಾರದ ಬಾಕಿಯನ್ನೂ ಹೊರಬೇಕು. ಪ್ರತಿ ಸರಕಿನ ಎದುರು ಎರಡೇ ಅಂಕಿಗಳನ್ನು ಅಕ್ಕಪಕ್ಕ ಬರೆಯಿರಿ: ಇಂದು ಕೊಟ್ಟರೆ ಇಷ್ಟು, ಇಂಥ ತಾರೀಖಿಗೆ ಕೊಟ್ಟರೆ ಒಟ್ಟು ಇಷ್ಟು. ಓದಲು ಬರುವ ಮಗನೋ ಮಗಳೋ ಮನೆಯಲ್ಲಿದ್ದರೆ ಉಳಿದ ಲೆಕ್ಕ ಅಲ್ಲೇ ಮುಗಿಯುತ್ತದೆ. ಕೆಲವರು ಉದ್ದರಿ ಬಿಟ್ಟು ನಗದಿಗೆ ತಿರುಗಬಹುದು, ಅದು ನಿಮಗೂ ನಷ್ಟವೇನಲ್ಲ.

‘ಬೆಳೆ ಬಂದ ಮೇಲೆ’ ಎಂಬುದನ್ನು ಅಳಿಸಿಬಿಡಿ. ಬೆಳೆ ಕೊಯ್ದಾಗಲೋ, ಮಾರಿದಾಗಲೋ, ಮಾರಿದ ಹಣ ಕೈಗೆ ಬಂದಾಗಲೋ? ಮೂರಕ್ಕೂ ನಡುವೆ ಎರಡು ತಿಂಗಳು ಸರಿಯಬಹುದು. ನಿಮ್ಮ ವಹಿಯಲ್ಲಿ ಬಡ್ಡಿ ಓಡುತ್ತಿರುತ್ತದೆ, ರೈತ ಇನ್ನೂ ಗಡುವೇ ಬಂದಿಲ್ಲ ಎಂದುಕೊಂಡಿರುತ್ತಾನೆ. ತಾರೀಖು ಹಾಕಿ. ಮಳೆ ಕೈಕೊಟ್ಟು ಬೆಳೆ ಹೋದರೆ ಗಡುವು ಎಷ್ಟು ದಿನ ಮುಂದಕ್ಕೆ ಹೋಗುತ್ತದೆ, ಆ ದಿನಗಳಿಗೆ ಬಡ್ಡಿ ಉಂಟೋ ಇಲ್ಲವೋ ಎಂಬುದನ್ನೂ ಈಗಲೇ ಬರೆಯಿರಿ. ಬರದ ನಡುವೆ ಕುಳಿತು ಇದನ್ನು ತೀರ್ಮಾನಿಸಲು ಹೊರಟರೆ ಇಬ್ಬರಿಗೂ ಸಮಾಧಾನ ಇರುವುದಿಲ್ಲ.

ಇನ್ನು ಗೊಬ್ಬರದ ಸಾಲು. ಅದನ್ನು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು, ಕ್ಷಮಿಸಿ. ಚೀಲ ಅಳತೆಯಲ್ಲ. ಒಂದು ಚೀಲ 50 ಕಿಲೋ ಇರುತ್ತದೆ, ಇನ್ನೊಂದು 45 ಇರುತ್ತದೆ. ಬೆಳೆಗೆ ಬೇಕಾದದ್ದು ಚೀಲವೂ ಅಲ್ಲ, ಅದರೊಳಗಿನ ಸಾರಜನಕ, ರಂಜಕ ಮತ್ತು ಪೊಟ್ಯಾಷ್. ಒಬ್ಬ ರೈತನ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಮೆಕ್ಕೆಜೋಳಕ್ಕೆ ಎಕರೆಗೆ ಈ ಮೂರೂ ಕ್ರಮವಾಗಿ 40, 20, 10 ಕಿಲೋ ಎಂದು ಇದೆ ಎನ್ನೋಣ. 50 ಕಿಲೋದ ಚೀಲ ಎಂದೇ ಹಿಡಿದರೂ ನಿಮ್ಮ ಸಲಹೆಯಿಂದ ಸಾರಜನಕ 55 ಕಿಲೋ ಬೀಳುತ್ತದೆ, ಪೊಟ್ಯಾಷ್ ಒಂದು ಗುಂಜಿಯೂ ಬೀಳುವುದಿಲ್ಲ. ಪೈರು ಹಸಿರಾಗಿ ನಳನಳಿಸುತ್ತದೆ. ಹೆಚ್ಚುವರಿ ಸಾರಜನಕಕ್ಕೆ ದಂಟು ಮೆತ್ತಗಾಗಿ, ಗಾಳಿಗೆ ಪೈರು ಒರಗುವ ಭಯ ಮಾತ್ರ ಉಳಿಯುತ್ತದೆ.

ಅದೇ ಚೀಟಿಯನ್ನು ಸರಿಯಾಗಿ ಬಿಡಿಸಿ ನೋಡಿ. ಡಿಎಪಿಯಲ್ಲಿ ನೂರಕ್ಕೆ 46 ರಂಜಕ, 18 ಸಾರಜನಕ. 20 ಕಿಲೋ ರಂಜಕಕ್ಕೆ ಡಿಎಪಿ ಸುಮಾರು 43 ಕಿಲೋ ಸಾಕು, ಅದರ ಜೊತೆಗೇ ಹೆಚ್ಚುಕಡಿಮೆ 8 ಕಿಲೋ ಸಾರಜನಕ ಬರುತ್ತದೆ. ಉಳಿದ 32 ಕಿಲೋ ಸಾರಜನಕಕ್ಕೆ, ನೂರಕ್ಕೆ 46 ಇರುವ ಯೂರಿಯಾ 70 ಕಿಲೋ. ಪೊಟ್ಯಾಷ್ ಗೊಬ್ಬರ ನೂರಕ್ಕೆ 60ರದ್ದಾದರೆ 17 ಕಿಲೋ. ಡಿಎಪಿ ಮತ್ತು ಪೊಟ್ಯಾಷ್ ಬಿತ್ತುವಾಗಲೇ ತಳಗೊಬ್ಬರವಾಗಿ ಹೋಗಬೇಕು. ಯೂರಿಯಾವನ್ನು ಎರಡು ಪಾಲು ಮಾಡಿ, ಪೈರು ಮೊಣಕಾಲೆತ್ತರ ಬಂದಾಗ ಒಂದು, ಹೂತೆನೆ ಹೊರಡುವ ಮುನ್ನ ಇನ್ನೊಂದು ಪಾಲು ಕೊಡಬೇಕು, ಅದೂ ನೆಲದಲ್ಲಿ ಹದ ಇದ್ದಾಗ. ಒಣ ನೆಲದ ಮೇಲೆ ಚೆಲ್ಲಿದ ಯೂರಿಯಾದಲ್ಲಿ ಒಂದು ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ದಾಸ್ತಾನಿನ ವಿಷಯ ಇಲ್ಲಿಗೇ ಬಂದು ಸೇರುತ್ತದೆ. ಬಿತ್ತನೆಯ ವಾರದಲ್ಲಿ ಡಿಎಪಿ ಮುಗಿಯುವುದು ಹೊಸದೇನಲ್ಲ. ಆಗ ರೈತ ಒಂದು ಚೀಲ ಡಿಎಪಿ ಬದಲಿಗೆ ಒಂದು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ ಹೊತ್ತುಕೊಂಡು ಹೋಗುತ್ತಾನೆ, ನೀವೂ ಸುಮ್ಮನಿರುತ್ತೀರಿ. ಸೂಪರ್‌ನಲ್ಲಿ ರಂಜಕ ನೂರಕ್ಕೆ 16 ಮಾತ್ರ, ಹಾಗಾಗಿ 50 ಕಿಲೋದ ಚೀಲದಲ್ಲಿ ಸಿಗುವುದು 8 ಕಿಲೋ. ಬೇಕಾದ 20ಕ್ಕೆ 125 ಕಿಲೋ ಸೂಪರ್ ಹಾಕಬೇಕು. ಅದರಲ್ಲಿ ಸಾರಜನಕವೇ ಇಲ್ಲದ ಕಾರಣ ಬಿತ್ತುವಾಗಲೇ 17 ಕಿಲೋ ಯೂರಿಯಾ ಸೇರಿಸಬೇಕು, ಆಗ ಒಟ್ಟು ಯೂರಿಯಾ 87 ಕಿಲೋ ಆಗುತ್ತದೆ. ಸೂಪರ್‌ನಲ್ಲಿ ಗಂಧಕ ಇರುವುದು ಲಾಭ, ಸಾಗಿಸುವ ಭಾರ ಹೆಚ್ಚುವುದು ಕಷ್ಟ. ಹೀಗಾಗಿ ‘ಎಲ್ಲ ಗೊಬ್ಬರಗಳು ದಾಸ್ತಾನಿವೆ’ ಎನ್ನುವುದಕ್ಕಿಂತ, ಇಂದು ಯಾವುದು ಎಷ್ಟು ಚೀಲ ಇದೆ, ಇಲ್ಲದ್ದಕ್ಕೆ ಬದಲಿ ಏನು, ಎಷ್ಟು ಎಂದು ಪ್ರತಿದಿನ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಯಿರಿ. ಒಂದು ಗೊಬ್ಬರ ಬೇಕೆಂದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂಬ ಒತ್ತಾಯ ನಿಮ್ಮಲ್ಲಿ ಇಲ್ಲವೆಂದು ನಂಬಿದ್ದೇನೆ.

ಪ್ರಕಟಣೆಯಲ್ಲಿ ಇರಲೇಬೇಕಾದ ಎಚ್ಚರಿಕೆಯ ಮಾತೊಂದಿದೆ: ಗೊಬ್ಬರ ಬೀಜಕ್ಕೆ ತಾಗಬಾರದು. ಬೀಜದ ಸಾಲಿನಿಂದ ಸುಮಾರು ಐದು ಸೆಂಟಿಮೀಟರ್ ಪಕ್ಕಕ್ಕೆ, ಅಷ್ಟೇ ಕೆಳಕ್ಕೆ ಬೀಳಬೇಕು. ಯೂರಿಯಾ, ಡಿಎಪಿ ಬೀಜದೊಂದಿಗೇ ಬಿದ್ದರೆ ಅಮೋನಿಯಾ ಮತ್ತು ಲವಣಾಂಶಕ್ಕೆ ಮೊಳಕೆ ಸುಡುತ್ತದೆ, ಹದ ಕಡಿಮೆ ಇದ್ದರೆ ಇನ್ನೂ ಬೇಗ. ಸಾಲಿನುದ್ದಕ್ಕೂ ಮೊಳಕೆ ಇಲ್ಲದೆ, ಗೊಬ್ಬರ ತಪ್ಪಿದ ಕಡೆ ಮಾತ್ರ ಚೆನ್ನಾಗಿ ಎದ್ದಿದ್ದರೆ ತಪ್ಪು ಬೀಜದ್ದಲ್ಲ, ಗೊಬ್ಬರ ಬಿದ್ದ ಜಾಗದ್ದು. ಇದನ್ನು ಹೇಳಿರದಿದ್ದರೆ ರೈತ ಬೀಜ ಕೊಟ್ಟ ನಿಮ್ಮನ್ನೇ ಹಿಡಿಯುತ್ತಾನೆ.

ಬೀಜವನ್ನು ‘ಉತ್ತಮ’ ಎಂದು ಹೊಗಳುವ ಬದಲು ಲಾಟ್ ಸಂಖ್ಯೆ, ಮೊಳಕೆ ಪ್ರಮಾಣ, ಪರೀಕ್ಷೆಯಾದ ತಾರೀಖು ಇವನ್ನು ಬರೆಯಿರಿ. ಪ್ರತಿ ಲಾಟ್‌ನಿಂದ ನೂರು ಕಾಳು ತೆಗೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಣಗದಂತೆ ನೋಡಿಕೊಂಡರೆ ವಾರದೊಳಗೆ ಉತ್ತರ ಸಿಗುತ್ತದೆ. ಬಟ್ಟೆ ಬಿಚ್ಚಿ ರೈತರ ಎದುರೇ ಎಣಿಸಿ. ಚೀಟಿಯಲ್ಲಿ 90 ಎಂದಿದ್ದು ನಿಮಗೆ 80 ಮಾತ್ರ ಬಂದರೆ, ಎಕರೆಗೆ 8 ಕಿಲೋ ಹಾಕುವ ಕಡೆ 9 ಕಿಲೋ ಬೇಕಾಗುತ್ತದೆ. ಅದಕ್ಕಿಂತಲೂ ಕೆಳಗಿಳಿದರೆ ಆ ಲಾಟ್ ಮಾರದೆ ಹಿಂದಿರುಗಿಸಿ. ಔಷಧ ಲೇಪಿಸಿದ ಬೀಜವಾದರೆ ಎಣಿಸಿದ ಮೇಲೆ ಕೈ ತೊಳೆಯಬೇಕು, ಉಳಿದ ಕಾಳನ್ನು ದನಕ್ಕೂ ಕೋಳಿಗೂ ಹಾಕಬಾರದು ಎಂದು ಸೇರಿಸಿ. ತೆರೆಯದ ಚೀಲವನ್ನು ಯಾವ ತಾರೀಖಿನವರೆಗೆ ಮರಳಿ ಪಡೆಯುತ್ತೀರಿ ಎಂಬುದೂ ಅಲ್ಲೇ ಇರಲಿ, ಲಾಟ್ ಸಂಖ್ಯೆ ರಸೀದಿಯಲ್ಲೂ ಇರಲಿ.

ಕೊನೆಗೆ ಉದ್ದರಿಯ ವಹಿ. ನಡುವೆ ರೈತ ಸ್ವಲ್ಪ ಹಣ ಕಟ್ಟಿದರೆ ಅದು ಮೊದಲು ಬಡ್ಡಿಗೆ ಹೋಗುತ್ತದೋ ಅಸಲಿಗೋ ಎಂಬುದನ್ನು ಸಾಲ ಕೊಡುವ ದಿನವೇ ಹೇಳಿ, ಕಟ್ಟಿದ ದಿನ ಉಳಿಕೆಯನ್ನು ಅವನ ರಸೀದಿಯಲ್ಲೂ ಬರೆದುಕೊಡಿ. ಫಸಲನ್ನು ನೀವೇ ಕೊಳ್ಳುವುದಾದರೆ ತೂಕ ಮತ್ತು ದರ ಯಾವ ದಿನದ್ದು ಎಂಬುದಕ್ಕೂ ಒಂದು ಸಾಲು ಬೇಕು.